ತೆಂಗಿನ ಮರ ಹತ್ತುವ ಕಸುಬು: ಶಾಲೆಯಷ್ಟೇ ಓದಿದ ದುಡಿಮೆಗಾರನಿಗೊಂದು ದಾರಿ

ಊರ ಶಾಲೆಯಲ್ಲಿ ಏಳನೆಯದೋ ಹತ್ತನೆಯದೋ ತರಗತಿಯವರೆಗೆ ಓದಿ, ಕೈಯಲ್ಲಿ ಯಾವ ಪ್ರಮಾಣಪತ್ರವೂ ಇಲ್ಲದೆ, ಮೈ ಬಗ್ಗಿಸಿ ದುಡಿಯಲು ಮಾತ್ರ ಸಿದ್ಧನಾಗಿರುವ ಯುವಕನು ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಹಳ್ಳಿಗಳಲ್ಲಿ ಏನು ಮಾಡಿ ಸಂಪಾದಿಸಬಹುದು? ಈ ಪ್ರಶ್ನೆ ಅನೇಕ ಮನೆಗಳಲ್ಲಿ ಇದೆ. ಕುರಿ ಸಾಕಬಹುದು, ಆದರೆ ಕುರಿ ಕೊಳ್ಳಲು ಮೊದಲು ಹಣ ಬೇಕು, ಮೇಯಿಸಲು ಬಯಲು ಬೇಕು. ಹಸು ಕಟ್ಟಬಹುದು, ಅದಕ್ಕೆ ಮೇವು ಬೆಳೆಯುವ ನೆಲ ಬೇಕು. ಅಡಿಕೆ ಸುಲಿಯುವ ಕೆಲಸ ತರೀಕೆರೆಯ ಕಡೆ ಕೈತುಂಬ ಸಿಕ್ಕುವುದು, ಆದರೆ ಅದು ಕೊಯ್ಲಿನ ಕೆಲವು ತಿಂಗಳ ಮಾತು. ನೆಲವೂ ಇಲ್ಲದೆ, ಹೆಚ್ಚಿನ ಬಂಡವಾಳವೂ ಇಲ್ಲದೆ, ಬಹುಪಾಲು ವರ್ಷವಿಡೀ ನಡೆಯುವ ಕೆಲಸ ಒಂದಿದೆ. ಅದು ತೆಂಗಿನ ಮರ ಹತ್ತುವ ಕಸುಬು. ಆ ಒಂದನ್ನೇ ಈ ಲೇಖನದಲ್ಲಿ ವಿವರವಾಗಿ ತಿಳಿಸಲಾಗಿದೆ.

ತಿಪಟೂರು, ಅರಸೀಕೆರೆಗಳಿಂದ ಕಡೂರು, ಬೀರೂರುಗಳವರೆಗೆ ಹಬ್ಬಿರುವುದು ತೆಂಗಿನ ಸೀಮೆ. ತೋಟಗಳು ಇವೆ, ಮರಗಳು ಇವೆ, ಹತ್ತುವವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹಿಂದೆ ಈ ಕೆಲಸ ಮಾಡುತ್ತಿದ್ದವರಿಗೆ ವಯಸ್ಸಾಗಿದೆ, ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಕಾಯಿ ಬಲಿತು ತಾನಾಗಿ ಬೀಳಲೆಂದು ಕಾದು ಕುಳಿತಿರುವ ತೋಟದವರು ಎಷ್ಟೋ ಮಂದಿ. ಹಾಗೆ ಬಿದ್ದ ಕಾಯಿಯಲ್ಲಿ ಕೆಲವು ಹುಲ್ಲಿನಲ್ಲಿ ಮೊಳೆಯುವುವು, ಕೆಲವು ಕಳುವಾಗುವುವು. ಕಾಯಿ ಕಿತ್ತು ಕೊಡುವವನು ಬೇಕೆಂಬುದು ತೋಟದವರ ಕೊರತೆ. ಆದರೆ ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ: ಮರದ ತಲೆಯಲ್ಲಿ ಏನಾಗುತ್ತಿದೆಯೆಂದು ನೋಡಿ ಹೇಳುವವನು ಇಲ್ಲ. ರೋಗವೂ ಹುಳುವೂ ಸೇರುವುದು ಅಲ್ಲಿಯೇ. ನೆಲದ ಮೇಲೆ ನಿಂತವನ ಕಣ್ಣಿಗೆ ಅದು ಬೀಳುವ ಹೊತ್ತಿಗೆ ಬಹಳ ವೇಳೆ ಮರ ಕೈಬಿಟ್ಟುಹೋಗಿರುವುದು.

ಆದ್ದರಿಂದ ಈ ಕಸುಬಿಗೆ ಇಳಿಯುವವನು ಮೊದಲೇ ತಿಳಿಯಬೇಕಾದ ಮಾತು ಇದು. ಕಾಯಿ ಮಾತ್ರ ಕೀಳುವವನು ಕೂಲಿಯಾಳು. ಕಾಯಿ ಕಿತ್ತು, ತಲೆ ಶುದ್ಧಮಾಡಿ, ಹುಳು ತೆಗೆದು, ಕಂಡದ್ದನ್ನು ಬರೆದಿಟ್ಟು ಹೇಳುವವನು ತೋಟದ ಕಾಯಂ ಮನುಷ್ಯ. ಹತ್ತುವ ಶ್ರಮ ಇಬ್ಬರಿಗೂ ಒಂದೇ, ಸಂಪಾದನೆ ಒಂದೇ ಅಲ್ಲ.

ಹತ್ತುವ ಸಾಧನ

ಹಳೆಯ ಪದ್ಧತಿಯಲ್ಲಿ ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು, ಇಲ್ಲವೇ ಮರದ ಮೈಗೆ ಮಚ್ಚಿನಿಂದ ಕಚ್ಚು ಹೊಡೆದು ಹತ್ತುತ್ತಿದ್ದರು. ಹಗ್ಗದಲ್ಲಿ ಹತ್ತುವುದನ್ನು ಚಿಕ್ಕಂದಿನಿಂದ ಕಲಿತವರಿಗೆ ಮಾತ್ರ ಅದು ಸಾಧ್ಯ. ಕಚ್ಚು ಹೊಡೆಯುವುದಂತೂ ಮರಕ್ಕೆ ಕೇಡು. ತೆಂಗಿನ ಕಾಂಡದ ಗಾಯ ಮತ್ತೆ ಕೂಡಿಕೊಳ್ಳುವುದಿಲ್ಲ. ಆ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಡುವುದು, ಮರಿಗಳು ಕಾಂಡದ ಒಳಗನ್ನು ತಿಂದು ಟೊಳ್ಳುಮಾಡುವುವು.

ಈಗ ಬಳಕೆಯಲ್ಲಿರುವ ಯಂತ್ರವನ್ನು ಮಾಡಿದವರು ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ.ಜೆ. ಜೋಸೆಫ್ ಎಂಬವರು. ಇದನ್ನು ಚೆಂಬೇರಿ ಮಾದರಿ ಎಂದೇ ಕರೆಯುತ್ತಾರೆ. ಇದಕ್ಕೆ ಎಣ್ಣೆ, ವಿದ್ಯುತ್ತು ಯಾವುದೂ ಬೇಡ. ಬಲಗಾಲಿಗೊಂದು, ಎಡಗಾಲಿಗೊಂದು ಎಂದು ಎರಡು ಕಬ್ಬಿಣದ ಭಾಗಗಳಿವೆ. ಪ್ರತಿ ಭಾಗಕ್ಕೂ ಕಾಲಿಡುವ ಮೆಟ್ಟು, ಕೈಹಿಡಿ, ಮತ್ತು ಮರವನ್ನು ಸುತ್ತಿ ಬಂದು ಕೊಂಡಿಗೆ ಸೇರುವ ಉಕ್ಕಿನ ತಂತಿಹಗ್ಗ ಇರುತ್ತವೆ. ಮೆಟ್ಟಿನ ಮೇಲೆ ಮೈಭಾರ ಬಿದ್ದಾಗ ತಂತಿಹಗ್ಗ ಮರವನ್ನು ಬಿಗಿಯಾಗಿ ಹಿಡಿಯುವುದು. ಭಾರ ತೆಗೆದು ಕೈಹಿಡಿಯನ್ನು ಮೇಲಕ್ಕೆತ್ತಿದಾಗ ಹಿಡಿತ ಸಡಿಲಿ ಆ ಭಾಗ ಮೇಲಕ್ಕೆ ಸರಿಯುವುದು. ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ಎತ್ತುವುದು, ಅದರ ಮೇಲೆ ನಿಂತು ಮೊದಲನೆಯದನ್ನು ಎತ್ತುವುದು. ಮೆಟ್ಟಿಲು ಹತ್ತಿದಂತೆಯೇ ಇದರ ನಡಿಗೆ. ಇಳಿಯುವುದೂ ಹಾಗೆಯೇ. ಎರಡು ಕಾಲಿನ ಭಾರವನ್ನೂ ಒಟ್ಟಿಗೆ ತೆಗೆಯಬಾರದು ಎಂಬುದೇ ಇದರ ಮುಖ್ಯ ನಿಯಮ.

ಯಂತ್ರದ ಜೊತೆಗೆ ಸೊಂಟದ ಪಟ್ಟಿಯೂ, ಆ ಪಟ್ಟಿಯಿಂದ ಮರವನ್ನು ಸುತ್ತುವ ಮೂರನೆಯ ಹಗ್ಗವೂ ಇರಲೇಬೇಕು. ಯಂತ್ರ ಜಾರಿದರೂ ಈ ಹಗ್ಗ ಮನುಷ್ಯನನ್ನು ಹಿಡಿಯುವುದು. ಕಾಸರಗೋಡಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಚೆಂಬೇರಿ ಯಂತ್ರಕ್ಕೆ ಜೋಡಿಸುವಂಥ ರಕ್ಷಣೆಯ ಉಪಕರಣವನ್ನು ರೂಪಿಸಿದ್ದಾರೆ. ಹಳೆಯ ಯಂತ್ರವನ್ನು ಅಗ್ಗಕ್ಕೆ ಕೊಳ್ಳುವವರು ಈ ಮೂರನೆಯ ಹಗ್ಗ ಇದೆಯೇ ಎಂದು ಮೊದಲು ನೋಡಬೇಕು. ಇಲ್ಲದಿದ್ದರೆ ಅದನ್ನು ಹಾಕಿಸಿಕೊಳ್ಳದೆ ಮರಕ್ಕೆ ಕಾಲಿಡಬಾರದು.

ಕಲಿಯುವುದು ಎಲ್ಲಿ, ಹೇಗೆ

ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ‘ತೆಂಗಿನ ಮರಗಳ ಗೆಳೆಯರು’ ಎಂಬ ಹೆಸರಿನ ತರಬೇತಿಯನ್ನು ಆರಂಭಿಸಿತು. ಆರು ದಿನಗಳ ಈ ಶಿಬಿರದಲ್ಲಿ ಯಂತ್ರದಿಂದ ಹತ್ತುವುದು, ಬಲಿತ ಕಾಯಿ ಗುರುತಿಸುವುದು, ಮರದ ತಲೆ ಶುದ್ಧಮಾಡುವುದು, ಹುಳು ರೋಗ ಕಂಡುಹಿಡಿಯುವುದು ಇವನ್ನು ಕೈಯಲ್ಲಿ ಮಾಡಿಸಿ ಕಲಿಸುತ್ತಾರೆ. ಕರ್ನಾಟಕದಲ್ಲಿ ಇಂಥ ಶಿಬಿರಗಳನ್ನು ಕೃಷಿ ವಿಜ್ಞಾನ ಕೇಂದ್ರಗಳು ಮತ್ತು ತೆಂಗು ಬೆಳೆಗಾರರ ಸಂಸ್ಥೆಗಳ ಮೂಲಕ ನಡೆಸುತ್ತಾ ಬಂದಿದ್ದಾರೆ. ಶಿಬಿರ ಯಾವಾಗ ಎಂಬುದನ್ನು ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಾಗಲಿ, ಮೂಡಿಗೆರೆಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ, ಮಂಡಳಿಯ ಬೆಂಗಳೂರಿನ ಕಚೇರಿಯಲ್ಲಾಗಲಿ ವಿಚಾರಿಸಬೇಕು.

ಆರು ದಿನದಲ್ಲಿ ಹತ್ತುವುದು ಬರುವುದು, ಕಸುಬು ಬರುವುದಿಲ್ಲ. ಶಿಬಿರ ಮುಗಿಸಿ ಬಂದವನು ಮೊದಲ ಹದಿನೈದು ದಿನ ನೇರವಾದ, ಎತ್ತರವಿಲ್ಲದ ಮರಗಳನ್ನೇ ಹತ್ತಬೇಕು. ಆ ದಿನಗಳಲ್ಲಿ ದಿನಕ್ಕೆ ಎಂಟು ಹತ್ತು ಮರವಾದರೆ ಸಾಕು. ತೊಡೆಯೂ ಭುಜವೂ ನೋಯುವುವು, ಅದು ಸಹಜ. ಅವಸರಪಟ್ಟು ಎಣಿಕೆ ಹೆಚ್ಚಿಸುವವನೇ ಸಾಮಾನ್ಯವಾಗಿ ಬೀಳುವವನು. ಕೈಕಾಲು ಪಳಗಿದ ಮೇಲೆ ದಿನಕ್ಕೆ ಮೂವತ್ತು, ನಲವತ್ತು ಮರ ಹತ್ತುವುದು ಕಷ್ಟವಲ್ಲ.

ಮರಕ್ಕೆ ಕಾಲಿಡುವ ಮೊದಲು

ಪ್ರತಿ ಮರದ ಬುಡದಲ್ಲಿಯೂ ಎರಡು ನಿಮಿಷ ನಿಂತು ನೋಡುವುದನ್ನು ರೂಢಿಮಾಡಿಕೊಳ್ಳಬೇಕು. ಮೊದಲು ತಲೆಯೆತ್ತಿ ನೋಡಿ. ಕಣಜದ ಗೂಡು ಇದೆಯೇ? ಗರಿಯ ಹತ್ತಿರ ವಿದ್ಯುತ್ ತಂತಿ ಹೋಗಿದೆಯೇ? ತಂತಿ ಇದ್ದರೆ ವಿದ್ಯುತ್ ನಿಲ್ಲಿಸಿದ ಹೊರತು ಆ ಮರ ಹತ್ತಲಾಗದೆಂದು ತೋಟದವರಿಗೆ ಹೇಳಿಬಿಡಿ. ಹಸಿಯ ಗರಿಯೂ ವಿದ್ಯುತ್ತನ್ನು ಹರಿಸುತ್ತದೆ ಎಂಬುದನ್ನು ಮರೆಯಬೇಡಿ.

ಅನಂತರ ಕಾಂಡವನ್ನು ನೋಡಿ, ಮಚ್ಚಿನ ಹಿಂಬದಿಯಿಂದ ಬಡಿದು ಶಬ್ದ ಕೇಳಿ. ಗಟ್ಟಿಮರದ ಶಬ್ದ ಬೇರೆ, ಟೊಳ್ಳಿನ ಶಬ್ದ ಬೇರೆ. ಬುಡದಲ್ಲಿ ಕಂದು ರಸ ಸೋರುತ್ತಿದ್ದು, ಕೆಳಗಿನ ಗರಿಗಳು ಬಾಡಿ ಕಾಂಡಕ್ಕೆ ಜೋತುಬಿದ್ದಿದ್ದರೆ ಅದು ಅಣಬೆ ರೋಗದ ಲಕ್ಷಣವಾಗಿರಬಹುದು. ಬುಡ ಕೊಳೆತ ಮರ ಹೊರಗೆ ಗಟ್ಟಿಯಾಗಿ ಕಂಡರೂ ಗಾಳಿಗೆ ಉರುಳಬಹುದು. ಅಂಥ ಮರ ಹತ್ತುವ ಕೂಲಿಗಾಗಿ ಪ್ರಾಣ ಒಡ್ಡುವುದು ತರವಲ್ಲ.

ಕೊನೆಗೆ ಯಂತ್ರವನ್ನು ನೋಡಿ. ಉಕ್ಕಿನ ಹಗ್ಗದ ಒಂದು ಎಳೆ ಕಿತ್ತಿದ್ದರೂ ಅದನ್ನು ಬದಲಾಯಿಸಬೇಕು. ಮರಕ್ಕೆ ಒತ್ತುವ ಕಡೆಯ ರಬ್ಬರು ಸವೆದಿದ್ದರೆ ಹಿಡಿತ ಜಾರುವುದು. ಯಂತ್ರ ಕಟ್ಟಿದ ಮೇಲೆ ನೆಲದಿಂದ ಒಂದಡಿ ಎತ್ತರದಲ್ಲಿಯೇ ಮೈಭಾರ ಹಾಕಿ ಕುಲುಕಿ ನೋಡಿ. ಅಲ್ಲಿ ಜಾರಿದರೆ ಕಾಲಿಗೆ ಪೆಟ್ಟಿಲ್ಲ. ತೆಂಗಿನ ಮರ ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಣ್ಣ. ಆದ್ದರಿಂದ ಬುಡದಲ್ಲಿ ಬಿಗಿಯಾಗಿದ್ದ ಹಗ್ಗ ಮೇಲೆ ಸಡಿಲಾಗಬಹುದು. ಕಾಲಿಡುವ ಮೆಟ್ಟು ಹೊರಗಡೆಗೆ ಇಳಿಜಾರಾಗತೊಡಗಿದರೆ ಅದೇ ಗುರುತು. ಆಗ ಮೇಲಕ್ಕೆ ಹೋಗದೆ ನಿಧಾನವಾಗಿ ಇಳಿದು, ಹಗ್ಗವನ್ನು ಒಂದು ತೂತು ಬಿಗಿಮಾಡಿ ಮತ್ತೆ ಹತ್ತಬೇಕು.

ಯಂತ್ರಕ್ಕೂ ಮಿತಿಯಿದೆ. ಮೆಣಸಿನ ಬಳ್ಳಿ ಹಬ್ಬಿಸಿದ ಮರಕ್ಕೆ ಇದನ್ನು ಕಟ್ಟಲಾಗುವುದಿಲ್ಲ. ತರೀಕೆರೆಯ ಮಲೆನಾಡಿನ ಅಂಚಿನ ತೋಟಗಳಲ್ಲಿ ಇಂಥ ಮರಗಳನ್ನು ಮೊದಲೇ ಎಣಿಸಿ ಬಿಟ್ಟು ಮಾತಾಡಿಕೊಳ್ಳಬೇಕು. ತೀರ ಬಾಗಿದ ಮರಕ್ಕೂ ಇದು ಸಲ್ಲದು. ಮಳೆ ಬಂದು ಕಾಂಡ ತೊಯ್ದಿದ್ದರೆ, ಪಾಚಿ ಕಟ್ಟಿದ್ದರೆ ಆ ದಿನ ಕೆಲಸ ಬಿಡಬೇಕು. ಜೋರು ಗಾಳಿಯಲ್ಲಿಯೂ ಹಾಗೆಯೇ.

ಮರದ ತಲೆಯಲ್ಲಿ ಮೂರು ಕೆಲಸ

ಮೊದಲನೆಯದು ಕಾಯಿ ಕೀಳುವುದು. ನಮ್ಮ ಸೀಮೆಯ ತೆಂಗು ಬಹುಮಟ್ಟಿಗೆ ಉಂಡೆ ಕೊಬ್ಬರಿಗೆ ಹೋಗುವುದು. ಅದಕ್ಕೆ ಹನ್ನೆರಡು ತಿಂಗಳು ತುಂಬಿ ಬಲಿತ ಕಾಯಿಯೇ ಬೇಕು. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ಒಣಗಿಸುವ ಕಾಯಿಯಲ್ಲಿ ಎಳೆಯದು ಸೇರಿದರೆ ಅದು ಒಳಗೇ ಕೊಳೆಯುವುದು, ಇಲ್ಲವೇ ಸುಕ್ಕುಗಟ್ಟಿ ತೂಕ ಕಳೆದುಕೊಳ್ಳುವುದು. ಇದು ತೋಟದವನಿಗೆ ತಿಳಿಯುವುದು ಏಳೆಂಟು ತಿಂಗಳಾದ ಮೇಲೆ, ಕೊಬ್ಬರಿ ಒಡೆದಾಗ. ಆಗ ಅವನು ನೆನೆಯುವುದು ಕಾಯಿ ಕಿತ್ತವನನ್ನೇ. ಚೆನ್ನಾಗಿ ಬೆಳೆದ ಮರ ಹೆಚ್ಚುಕಡಿಮೆ ತಿಂಗಳಿಗೊಂದು ಹೊಂಬಾಳೆ ಬಿಡುವುದು. ಈಗತಾನೆ ಬಿರಿದ ಹೊಂಬಾಳೆಯಿಂದ ಕೆಳಕ್ಕೆ ಎಣಿಸುತ್ತ ಬಂದರೆ ಗೊನೆಯ ವಯಸ್ಸು ಅಂದಾಜಿಗೆ ಸಿಕ್ಕುವುದು. ಬಲಿತ ಕಾಯಿಯ ಮೇಲ್ಮೈ ಹಸಿರು ಬಿಟ್ಟು ಕಂದಾಗಿರುತ್ತದೆ. ಅಲುಗಿಸಿದರೆ ಒಳಗೆ ನೀರಿನ ಸದ್ದು ಕೇಳುತ್ತದೆ. ಅನುಮಾನ ಬಂದ ಗೊನೆಯನ್ನು ಮುಂದಿನ ಸುತ್ತಿಗೆ ಬಿಡುವುದೇ ಸರಿ. ಎಳನೀರಿನ ವ್ಯಾಪಾರಿಗೆ ಕೀಳುವುದಾದರೆ ಆರು ಏಳು ತಿಂಗಳ ಗೊನೆ ಬೇಕು. ಅದನ್ನು ಕೆಡವದೆ ಹಗ್ಗಕಟ್ಟಿ ಇಳಿಸಬೇಕು, ಬಿದ್ದರೆ ಒಡೆಯುವುದು. ಈ ಕೆಲಸಕ್ಕೆ ಹೊತ್ತು ಹೆಚ್ಚು ಹಿಡಿಯುವುದರಿಂದ ಇದರ ದರವನ್ನು ಬೇರೆಯಾಗಿ ಮಾತಾಡಿಕೊಳ್ಳಬೇಕು.

ಎರಡನೆಯದು ತಲೆ ಶುದ್ಧಮಾಡುವುದು. ಒಣಗಿದ ಗರಿ, ಹಳೆಯ ಹೊಂಬಾಳೆಯ ಕಡ್ಡಿ, ಒಣಗಿ ಅಂಟಿಕೊಂಡಿರುವ ಬಲೆಯಂಥ ನಾರು ಇವನ್ನು ತೆಗೆದು ಕೆಳಗೆ ಹಾಕಬೇಕು. ಕಸ ತುಂಬಿದ ಗರಿಸಂದುಗಳಲ್ಲಿ ಹುಳು ಅಡಗುವುದು. ಇಲ್ಲಿ ಒಂದು ಎಚ್ಚರಿಕೆ ಮುಖ್ಯ. ಹಸಿಯ ಗರಿಯನ್ನು ಕಡಿಯಬಾರದು. ಕಡಿಯಲೇಬೇಕಾಗಿ ಬಂದರೆ ಕಾಂಡದಿಂದ 120 ಸೆಂಟಿಮೀಟರು, ಎಂದರೆ ನಾಲ್ಕು ಅಡಿ ದಂಟು ಬಿಟ್ಟು ಕಡಿಯಬೇಕು. ಕಾಂಡದ ಹತ್ತಿರ ಕಡಿದ ಹಸಿಗಾಯ ಕೆಂಪು ಮೂತಿ ಹುಳುವಿಗೆ ಬಾಗಿಲು ತೆರೆದಂತೆ. ದಂಟು ಉದ್ದವಾಗಿದ್ದರೆ ಹುಳು ಒಳಗೆ ಸೇರಿದರೂ ಅದು ಕಾಂಡವನ್ನು ತಲುಪುವ ಹೊತ್ತಿಗೆ ದಂಟು ಒಣಗಿಹೋಗುವುದು.

ಮೂರನೆಯದು ಕುರುವಾಯಿ ದುಂಬಿಯನ್ನು ಹುಡುಕುವುದು. ಕಪ್ಪಾದ, ಮೂತಿಯ ಮೇಲೆ ಕೊಂಬಿರುವ ಈ ದುಂಬಿ ಹುಟ್ಟುವುದು ತಿಪ್ಪೆಯಲ್ಲಿ. ರಾತ್ರಿ ಹಾರಿಬಂದು ಸುಳಿಯನ್ನು ಕೊರೆದು ಒಳಗೆ ಸೇರುವುದು. ಸುಳಿಯ ಬುಡದಲ್ಲಿ ಅಗಿದು ಉಗಿದ ನಾರಿನ ಪುಡಿ ಕಂಡರೆ ದುಂಬಿ ಒಳಗಿದೆಯೆಂದು ತಿಳಿಯಬೇಕು. ಅದು ಕೊರೆದ ಸುಳಿ ಬಿಚ್ಚಿದಾಗ ಗರಿ ಕತ್ತರಿಯಿಂದ ಕತ್ತರಿಸಿದ ಹಾಗೆ ಕಾಣುವುದು. ಒಂದಡಿಯ ಗಟ್ಟಿ ತಂತಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ, ತೂತಿನೊಳಗೆ ಸೇರಿಸಿ ದುಂಬಿಯನ್ನು ಚುಚ್ಚಿ ಎಳೆಯಬೇಕು. ಅನಂತರ ಮತ್ತೆ ಬಾರದಂತೆ 250 ಗ್ರಾಂ ಬೇವಿನ ಹಿಂಡಿಯ ಪುಡಿಯನ್ನು ಅಷ್ಟೇ ತೂಕದ ಸಣ್ಣ ಮರಳಿನೊಡನೆ ಬೆರೆಸಿ, ಸುಳಿಯ ಸುತ್ತಿನ ಮೂರು ಗರಿಗಳ ಸಂದಿನಲ್ಲಿ ತುಂಬಬೇಕು. ಇದನ್ನು ವರ್ಷಕ್ಕೆ ಮೂರು ಸಲ, ಮೇ, ಸೆಪ್ಟೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಮಾಡುವುದು ಪದ್ಧತಿ. ಹಿಂಡಿ ತೋಟದವರದು, ಕೆಲಸ ಹತ್ತುವವನದು.

ಇನ್ನೆರಡು ಲಕ್ಷಣಗಳನ್ನು ಕಂಡರೆ ತಾನೇ ವೈದ್ಯ ಮಾಡಲು ಹೋಗದೆ ಅದೇ ದಿನ ತೋಟದವರಿಗೆ ಹೇಳಬೇಕು. ಸುಳಿ ಬಾಡಿದ್ದು, ಕೈಯಿಂದ ಎಳೆದರೆ ಸುಲಭವಾಗಿ ಕಿತ್ತುಬಂದು ಕೆಟ್ಟ ವಾಸನೆ ಬಂದರೆ ಅದು ಸುಳಿಕೊಳೆ ರೋಗ. ಕೊಳೆತ ಭಾಗವನ್ನು ಕೆತ್ತಿ ತೆಗೆದು ಬೋರ್ಡೋ ಮುಲಾಮು ಹಚ್ಚಿ, ಮಳೆನೀರು ಇಳಿಯದಂತೆ ಮುಚ್ಚಿದರೆ ಆರಂಭದಲ್ಲಿ ಮರವನ್ನು ಉಳಿಸಿಕೊಳ್ಳಬಹುದು. ತಡವಾದರೆ ಉಳಿಯುವುದಿಲ್ಲ. ಕಾಂಡದಲ್ಲಿ ತೂತುಗಳಿದ್ದು ಕಂದು ರಸದೊಡನೆ ನಾರು ಹೊರಗೆ ಬಂದಿದ್ದರೆ, ಕಿವಿಗೊಟ್ಟಾಗ ಒಳಗೆ ಅಗಿಯುವ ಸದ್ದು ಕೇಳಿದರೆ, ಅದು ಕೆಂಪು ಮೂತಿ ಹುಳು. ಈ ಎರಡಕ್ಕೂ ತೋಟಗಾರಿಕೆ ಇಲಾಖೆಯವರ ಇಲ್ಲವೇ ಅರಸೀಕೆರೆಯ ತೋಟಗಾರಿಕಾ ಸಂಶೋಧನಾ ಕೇಂದ್ರದವರ ಸಲಹೆ ಪಡೆಯುವುದು ಒಳ್ಳೆಯದು.

ಶಾಲೆಯ ಓದು ಉಪಯೋಗಕ್ಕೆ ಬರುವುದು ಇಲ್ಲಿ

ಹತ್ತುವ ಬಲ ಅನೇಕರಿಗಿರಬಹುದು. ಬರೆದಿಡುವ ಅಭ್ಯಾಸ ಎಲ್ಲರಿಗೂ ಇಲ್ಲ. ಒಂದು ನೋಟುಪುಸ್ತಕದಲ್ಲಿ ತೋಟಕ್ಕೊಂದು ಹಾಳೆಯಂತೆ ಇಡಬೇಕು. ತೋಟದವರ ಹೆಸರು, ಮರಗಳ ಸಂಖ್ಯೆ, ಹತ್ತಿದ ದಿನ, ಇಳಿಸಿದ ಕಾಯಿಯ ಎಣಿಕೆ, ಮುಂದಿನ ಸುತ್ತಿನ ದಿನ, ಬರಬೇಕಾದ ಹಣ ಇಷ್ಟು ಸಾಕು. ಮರಗಳಿಗೆ ಸಾಲಿನ ಪ್ರಕಾರ ಅಂಕೆ ಕೊಟ್ಟು, “ಮೂರನೆಯ ಸಾಲು, ಏಳನೆಯ ಮರ, ದುಂಬಿ ತೆಗೆದದ್ದು” ಎಂದು ಬರೆದುಕೊಳ್ಳಬೇಕು. ಮುಂದಿನ ಸಲ ಆ ಮರವನ್ನು ಮೊದಲು ನೋಡಬಹುದು. ಯಾವ ಮರದಲ್ಲಿ ಕಾಯಿ ಕಡಿಮೆಯಾಗುತ್ತಿದೆ ಎಂಬುದು ಮೂರು ನಾಲ್ಕು ಸುತ್ತಿನಲ್ಲಿ ಈ ಪುಸ್ತಕವೇ ಹೇಳುವುದು. ತೋಟದವರೇ ತಿಳಿಯದ್ದನ್ನು ತಿಳಿಸುವವನನ್ನು ಅವರು ನಾಲ್ಕು ರೂಪಾಯಿ ಆಸೆಗೆ ಬದಲಾಯಿಸುವುದಿಲ್ಲ.

ಕೂಲಿಯ ಮಾತನ್ನು ಮರ ಹತ್ತುವ ಮೊದಲೇ ಮುಗಿಸಬೇಕು. ಕೆಲವೆಡೆ ಹಣದ ಬದಲು ಕಾಯಿ ಕೊಡುವ ರೂಢಿಯಿದೆ. ಕಾಯಿಯ ಧಾರಣೆ ಏರಿದಾಗ ಅದು ಲಾಭ, ಇಳಿದಾಗ ನಷ್ಟ. ಕಾಯಿ ಮಾರಲು ಹೋಗಿಬರುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೊಸಬನಿಗೆ ಮರಕ್ಕಿಷ್ಟು ಎಂದು ನಗದಾಗಿ ಪಡೆಯುವುದೇ ಸುಲಭ. ಎತ್ತರದ ಮರಕ್ಕೆ ಬೇರೆ, ಗಿಡ್ಡ ಮರಕ್ಕೆ ಬೇರೆ ದರ ಇಟ್ಟುಕೊಳ್ಳಬಹುದು. ಕೆಳಗೆ ಕಾಯಿ ಆರಿಸಿ ರಾಶಿಮಾಡುವವರು ಯಾರು ಎಂಬುದೂ ಮೊದಲೇ ತೀರ್ಮಾನವಾಗಬೇಕು.

ಒಬ್ಬನ ಲೆಕ್ಕ

ಈ ಕೆಲಸ ಎಷ್ಟು ತರಬಲ್ಲದು ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಇದರಲ್ಲಿರುವ ದರ ಲೆಕ್ಕ ತೋರಿಸಲು ಇಟ್ಟುಕೊಂಡದ್ದು. ನಿಮ್ಮ ಊರಿನ ದರವನ್ನು ಆ ಜಾಗದಲ್ಲಿ ಹಾಕಿ ಲೆಕ್ಕಮಾಡಿಕೊಳ್ಳಿ.

ಬೀರೂರಿನ ಹತ್ತಿರದ ಒಂದು ಹಳ್ಳಿಯ ಯುವಕನು 900 ಮರಗಳನ್ನು ಒಪ್ಪಿಕೊಂಡನೆನ್ನಿ. ಇದು ದೊಡ್ಡ ಸಂಖ್ಯೆಯಂತೆ ಕಂಡರೂ ದೊಡ್ಡದಲ್ಲ. 25 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 70 ಮರ, 30 ಅಡಿಯಾದರೆ ಸುಮಾರು 48. ಎಂದರೆ 900 ಮರಗಳು ಹದಿಮೂರರಿಂದ ಹತ್ತೊಂಬತ್ತು ಎಕರೆಯಲ್ಲಿವೆ. ಒಂದೆರಡು ಹಳ್ಳಿಗಳಲ್ಲಿ ಹತ್ತು ಹನ್ನೆರಡು ಮನೆಯವರು ಒಪ್ಪಿದರೆ ಸಾಕು.

ಸುತ್ತು ನಲವತ್ತೈದು ದಿನಕ್ಕೊಂದು. ಅದರಲ್ಲಿ ಮೂವತ್ತು ದಿನ ಕೆಲಸ, ಉಳಿದದ್ದು ವಿಶ್ರಾಂತಿ, ಹಬ್ಬ, ಮಳೆ, ಸ್ವಂತ ಕೆಲಸ. ದಿನಕ್ಕೆ 30 ಮರ. ಮರಕ್ಕೆ 40 ರೂಪಾಯಿ ಎಂದು ಹಿಡಿದರೆ ಒಂದು ಸುತ್ತಿಗೆ 36,000 ರೂಪಾಯಿ ಬರುವುದು. ಖರ್ಚಿನಲ್ಲಿ ಓಡಾಟಕ್ಕೆ ದಿನಕ್ಕೆ 60ರಂತೆ 1,800, ಹಗ್ಗ, ರಬ್ಬರು, ಕೊಂಡಿ, ಮಚ್ಚು ಸಾಣೆ ಇವಕ್ಕೆ 700, ಯಂತ್ರದ ಸವೆತಕ್ಕೂ ವಿಮೆಗೂ ಕಾಯಿಲೆಗೂ ಎತ್ತಿಡುವುದು 1,500. ಒಟ್ಟು 4,000 ಕಳೆದರೆ 32,000 ಉಳಿಯುವುದು.

ವರ್ಷಕ್ಕೆ ಎಂಟು ಸುತ್ತು ಲೆಕ್ಕಕ್ಕೆ ಬರುತ್ತದೆ. ಮಳೆಗಾಲದಲ್ಲಿ ಒಂದು ಸುತ್ತು ಕೈತಪ್ಪುವುದೆಂದು ಏಳನ್ನೇ ಹಿಡಿಯೋಣ. ಏಳು ಸುತ್ತಿಗೆ 2,24,000 ರೂಪಾಯಿ. ಇದರ ಮೇಲೆ 300 ಮರಗಳಿಗೆ ವರ್ಷಕ್ಕೆ ಮೂರು ಸಲ ಬೇವಿನ ಹಿಂಡಿ ತುಂಬುವ ಕೆಲಸಕ್ಕೆ ಮರಕ್ಕೆ 10 ರೂಪಾಯಿಯಂತೆ 9,000. ಎಲ್ಲ ಸೇರಿ 2,33,000, ಎಂದರೆ ತಿಂಗಳಿಗೆ ಸುಮಾರು 19,400 ರೂಪಾಯಿ ಆಯಿತು.

ಆದರೆ ಇದು ಪಳಗಿದವನ ಲೆಕ್ಕ. ಮೊದಲ ಸುತ್ತಿನಲ್ಲಿ ದಿನಕ್ಕೆ ಹತ್ತು ಮರವೆಂದರೆ ಬರುವುದು 12,000 ಮಾತ್ರ. ಎರಡನೆಯದರಲ್ಲಿ ಇಪ್ಪತ್ತಾದರೆ 24,000. ಮೊದಲ ಮೂರು ತಿಂಗಳು ಸಾಮಾನ್ಯ ಕೂಲಿಗಿಂತ ಹೆಚ್ಚೇನೂ ದೊರೆಯದು ಎಂದು ತಿಳಿದೇ ಹೊರಡಬೇಕು. ಆ ಮೂರು ತಿಂಗಳಲ್ಲಿಯೇ ಅನೇಕರು ಬಿಟ್ಟುಬಿಡುವರು.

ಕಡೂರು ಮತ್ತು ಅಜ್ಜಂಪುರದ ಕಡೆ ಮಳೆ ಕಡಿಮೆ, ತರೀಕೆರೆಯ ಕಡೆ ಹೆಚ್ಚು. ಜೂನ್‌ನಿಂದ ಆಗಸ್ಟ್‌ವರೆಗೆ ಒಣಸೀಮೆಯ ತೋಟಗಳನ್ನೂ, ಮಳೆ ನಿಂತ ಮೇಲೆ ತರೀಕೆರೆಯ ಕಡೆಯವನ್ನೂ ಇಟ್ಟುಕೊಂಡರೆ ಖಾಲಿ ದಿನಗಳು ಕಡಿಮೆಯಾಗುವುವು. ಅಡಿಕೆಯ ಕೊಯ್ಲಿನ ಕಾಲದಲ್ಲಿ ಮಧ್ಯಾಹ್ನದವರೆಗೆ ಮರ ಹತ್ತಿ, ಸಂಜೆ ಸುಲಿಯುವ ಕೆಲಸಕ್ಕೆ ಹೋಗಲೂ ಅವಕಾಶವಿದೆ.

ವಿಮೆ ಮತ್ತು ವಯಸ್ಸು

ಎತ್ತರದಿಂದ ಬಿದ್ದರೆ ಬೆನ್ನುಮೂಳೆ ಮುರಿದು ಜೀವಮಾನವೆಲ್ಲ ಹಾಸಿಗೆ ಹಿಡಿಯಬೇಕಾಗಬಹುದು, ಪ್ರಾಣವೂ ಹೋಗಬಹುದು. ಈ ಮಾತನ್ನು ಮರೆಮಾಡಿ ಈ ಕಸುಬನ್ನು ಯಾರಿಗೂ ಹೇಳಬಾರದು. ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆ ಮರ ಹತ್ತುವವರಿಗೆಂದೇ ಇರುವುದು. ಕಂತಿನ ಹೆಚ್ಚಿನ ಪಾಲನ್ನು ಮಂಡಳಿಯೇ ಭರಿಸುತ್ತದೆ, ಹತ್ತುವವನು ಕಟ್ಟಬೇಕಾದದ್ದು ಸ್ವಲ್ಪ. ಮರಣ, ಅಂಗವೈಕಲ್ಯ, ಆಸ್ಪತ್ರೆ ಖರ್ಚು ಇವಕ್ಕೆ ಇದರಲ್ಲಿ ಪರಿಹಾರವುಂಟು. ಕಂತಿನ ಹಣವೂ ಪರಿಹಾರದ ಮೊತ್ತವೂ ಆಗಾಗ್ಗೆ ಪರಿಷ್ಕಾರವಾಗುವುದರಿಂದ ಸೇರುವಾಗ ಆ ವರ್ಷದ ಅಂಕೆಯನ್ನು ಕೇಳಿ ತಿಳಿಯಬೇಕು. ವಿಮೆ ಒಂದು ವರ್ಷದ್ದು. ನವೀಕರಿಸುವ ದಿನವನ್ನು ನೋಟುಪುಸ್ತಕದ ಮೊದಲ ಹಾಳೆಯಲ್ಲಿಯೇ ಬರೆದಿಡಬೇಕು. ಕಂತು ತಪ್ಪಿದ ತಿಂಗಳಲ್ಲಿ ಬಿದ್ದವನಿಗೆ ಪರಿಹಾರವಿಲ್ಲ.

ಒಬ್ಬನೇ ಹೋಗಿ ಮರ ಹತ್ತಬಾರದು. ತೋಟದವರೋ ಜೊತೆಗಾರನೋ ಕೂಗಿದರೆ ಕೇಳುವಷ್ಟು ದೂರದಲ್ಲಿ ಇರಬೇಕು. ಕಾಯಿ ಬೀಳುವ ಜಾಗಕ್ಕೆ ಮಕ್ಕಳೂ ದನಕರುಗಳೂ ಬಾರದಂತೆ ಅವರು ನೋಡಿಕೊಳ್ಳುವರು.

ಈ ಕೆಲಸಕ್ಕೆ ವಯಸ್ಸಿನ ಮಿತಿಯೂ ಉಂಟು. ನಲವತ್ತೈದು ದಾಟಿದ ಮೇಲೆ ಮೊಣಕಾಲು ಮೊದಲಿನಂತೆ ಕೇಳುವುದಿಲ್ಲ. ಅಷ್ಟರೊಳಗೆ ಮೂರು ನಾಲ್ಕು ಯುವಕರನ್ನು ಜೊತೆಗೆ ಸೇರಿಸಿ ಪಳಗಿಸಿದವನು ತಾನು ಕೆಳಗೆ ನಿಂತು ತೋಟಗಳನ್ನು ಒಪ್ಪಿಕೊಳ್ಳುವುದು, ಸುತ್ತಿನ ದಿನ ಹೊಂದಿಸುವುದು, ರೋಗ ಗುರುತಿಸುವುದು, ಲೆಕ್ಕ ಇಡುವುದು ಇವನ್ನು ಮಾಡಿಕೊಂಡು ಹೋಗಬಹುದು. ಅಷ್ಟು ವರ್ಷ ಬರೆದಿಟ್ಟ ಪುಸ್ತಕಗಳೇ ಆಗ ಅವನ ಬಂಡವಾಳ.

ಮನಸ್ಸಿರುವವರು ಮೊದಲು ಮಾಡಬೇಕಾದ ಕೆಲಸ ಇಷ್ಟು. ತಮ್ಮ ಹಳ್ಳಿಯಲ್ಲಿ ಕಾಯಿ ಕೀಳುವವರಿಲ್ಲದೆ ನಿಂತಿರುವ ತೋಟಗಳು ಎಷ್ಟು, ಅವುಗಳಲ್ಲಿ ಮರಗಳು ಎಷ್ಟು ಎಂಬುದನ್ನು ಒಂದು ಭಾನುವಾರ ಸುತ್ತಾಡಿ ಬರೆದುಕೊಳ್ಳಬೇಕು. ಮುನ್ನೂರು ಮರಗಳಾದರೂ ದೊರೆಯುವಂತೆ ಕಂಡರೆ ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ಹೋಗಿ ಮುಂದಿನ ಶಿಬಿರಕ್ಕೆ ಹೆಸರು ಬರೆಸಬೇಕು. ಯಂತ್ರ ಕೊಳ್ಳುವ ಮಾತು ಅದರ ಅನಂತರ. ಶಿಬಿರದಲ್ಲಿ ಮೂವತ್ತು ಅಡಿ ಮೇಲೆ ಹೋಗಿ ಕೆಳಗೆ ನೋಡಿದಾಗ ತಲೆ ತಿರುಗಿದವನು ಇದು ತನಗಲ್ಲವೆಂದು ಹಿಂದಕ್ಕೆ ಬರಬಹುದು. ಅದರಲ್ಲಿ ನಾಚಿಕೆಯೇನೂ ಇಲ್ಲ, ಖರ್ಚೂ ಆಗಿರುವುದಿಲ್ಲ.